ಎಲ್ಲವೂ ಮೊದಲ ಚೌಕಕ್ಕೇ ಬಂದು ಬೀಳುವಾಗ

*ಸಂಪಾದಕರಿಗೆ ನಮಸ್ಕಾರಗಳು. ತುರ್ತು, ಮುಖ್ಯ ಎಂದು ಕೆಲಸಗಳನ್ನು ನಾಲ್ಕು ಚೌಕಗಳಿಗೆ ಹಂಚುವ ಕೋಷ್ಟಕದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದುಕೊಂಡೆ. ಈಗ ಮೇ ತಿಂಗಳ ಮೂರನೇ ವಾರ. ತೋಟಕ್ಕೆ ಔಷಧಿ ಹೊಡೆಸಬೇಕು. ಬಸಿಗಾಲುವೆ ಬಿಡಿಸಬೇಕು. ಸೊಸೈಟಿಯ ಬೆಳೆಸಾಲವನ್ನು ಜೂನ್ 15ರೊಳಗೆ ನವೀಕರಿಸಬೇಕು. ಅತ್ತೆಯವರ ಕಣ್ಣು ತೋರಿಸಬೇಕು. ಕರೆಂಟ್ ಬಿಲ್ ಕಟ್ಟಬೇಕು. ಪಕ್ಕದ ಮನೆಯ ಗೃಹಪ್ರವೇಶವಿದೆ. ಮಹಿಳಾ ಸಂಘದ ವಾಟ್ಸಾಪ್ ಗುಂಪಿಗೆ ಉತ್ತರಿಸಬೇಕು. ಅಟ್ಟದ ಮೇಲಿನ ಹಳೆಯ ಪಾತ್ರೆಗಳನ್ನು ವಿಂಗಡಿಸಬೇಕು. ಎಂಟರಲ್ಲಿ ಏಳು, ತುರ್ತೂ ಮುಖ್ಯವೂ ಆದವುಗಳ ಮೊದಲ ಚೌಕದಲ್ಲೇ ಕುಳಿತಿವೆ. ಈ ಕೋಷ್ಟಕ ಕಚೇರಿಯವರಿಗೆ ಮಾತ್ರವೇ?*

*– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು*

ನಮಸ್ಕಾರ. ನಿಮ್ಮ ಅನುಮಾನದಲ್ಲಿ ಅರ್ಧ ನಿಜವಿದೆ. ಈ ಕೋಷ್ಟಕದ ಬೇರು ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ 1954ರ ಆಗಸ್ಟ್‌ನಲ್ಲಿ ಇವಾನ್ಸ್‌ಟನ್ ಎಂಬ ಊರಿನಲ್ಲಿ ಮಾಡಿದ ಭಾಷಣದಲ್ಲಿದೆ. ತಮ್ಮ ಮುಂದಿರುವ ಸಮಸ್ಯೆಗಳು ಎರಡೇ ಬಗೆಯವು, ತುರ್ತಾದವು ಮತ್ತು ಮುಖ್ಯವಾದವು ಎಂಬ ಮಾತನ್ನು ಅವರು ಅಲ್ಲಿ ಆಡಿದರು. ಅದೂ ಅವರ ಸ್ವಂತ ಮಾತಲ್ಲ, ಕಾಲೇಜೊಂದರ ಮಾಜಿ ಅಧ್ಯಕ್ಷರ ಮಾತೆಂದು ಹೇಳಿಯೇ ಉಲ್ಲೇಖಿಸಿದ್ದರು. ಚೌಕಗಳನ್ನು ಗೀಚಿದವರು ಆಮೇಲಿನವರು. ತುರ್ತಾದರೂ ಮುಖ್ಯವಲ್ಲದ ಕೆಲಸಗಳ ಮೂರನೇ ಚೌಕದ ಎದುರು ‘ಬೇರೆಯವರಿಗೆ ವಹಿಸಿ’ ಎಂದು ಬರೆದವರ ಮನಸ್ಸಿನಲ್ಲಿ ಕೈಕೆಳಗೆ ಜನರಿರುವ ಅಧಿಕಾರಿ ಇದ್ದಾನೆ, ತೋಟ, ಕೊಟ್ಟಿಗೆ, ಅಡುಗೆಮನೆ ಮೂರನ್ನೂ ನೋಡಿಕೊಳ್ಳುವ ನಿಮ್ಮಂಥವರಿಲ್ಲ. ಆ ಭಾಗವನ್ನು ತಿದ್ದಿಕೊಳ್ಳಬೇಕು. ಆದರೆ ನಿಮ್ಮ ಮೊದಲ ಚೌಕ ತುಂಬಿ ತುಳುಕುತ್ತಿರುವುದಕ್ಕೆ ಕಾರಣ ಬೇರೆ ಇದೆ.

ತುರ್ತೇ, ಮುಖ್ಯವೇ ಎಂಬ ಎರಡು ಪ್ರಶ್ನೆಗಳನ್ನು ನೀವು ಒಟ್ಟಿಗೇ ಕೇಳಿಕೊಂಡಿದ್ದೀರಿ ಎಂದು ನನಗೆ ತೋರುತ್ತದೆ. ಒಟ್ಟಿಗೆ ಕೇಳಿದರೆ ಅವಸರದ ಗಾಬರಿ ಮುಖ್ಯವಲ್ಲದ್ದನ್ನೂ ಮುಖ್ಯವೆನ್ನಿಸುತ್ತದೆ. ಮೊದಲು ದಿನಾಂಕವನ್ನು ಮರೆತು ಒಂದೊಂದು ಕೆಲಸದ ಬಗ್ಗೆಯೂ ಕೇಳಿಕೊಳ್ಳಿ: ಇದನ್ನು ಮಾಡದೇ ಬಿಟ್ಟರೆ ಮುಂದಿನ ಕೊಯ್ಲಿನ ಹೊತ್ತಿಗೆ ಏನು ಕೆಟ್ಟಿರುತ್ತದೆ? ಉತ್ತರ ಹೇಳಲು ಬಂದರೆ ಅದು ಮುಖ್ಯ. ಪಟ್ಟಿ ಪೂರ್ತಿ ಮುಗಿದ ಮೇಲೆಯೇ ಎರಡನೇ ಸುತ್ತು: ಇವತ್ತಿನ ಬದಲು ಇನ್ನು ನಾಲ್ಕು ದಿನ ಬಿಟ್ಟು ಮಾಡಿದರೆ ನಷ್ಟವೇನು? ನಷ್ಟವನ್ನೂ ಅದರ ದಿನವನ್ನೂ ಬೆರಳಿಟ್ಟು ತೋರಿಸಲು ಆಗದಿದ್ದರೆ ಅದು ತುರ್ತಲ್ಲ, ಯಾರೋ ಫೋನಿನಲ್ಲಿ ಒತ್ತಾಯಿಸುತ್ತಿದ್ದಾರೆ, ಅಷ್ಟೇ.

ಇಷ್ಟು ಮಾಡಿದರೂ ‘ತೋಟಕ್ಕೆ ಔಷಧಿ’ ಎಂಬ ಸಾಲು ಯಾವ ಚೌಕದಲ್ಲೂ ಸರಿಯಾಗಿ ಕೂರುವುದಿಲ್ಲ. ಅದೊಂದು ಕೆಲಸವಲ್ಲ, ನಾಲ್ಕು ಕೆಲಸಗಳ ಗಂಟು. ನಿಮ್ಮ ಇಡೀ ಪಟ್ಟಿಯಲ್ಲಿ ಹೆಚ್ಚು ಗಮನ ಬೇಡುವುದು ಇದೇ ಆದ್ದರಿಂದ ಗಂಟನ್ನು ಬಿಚ್ಚಿಯೇ ನೋಡೋಣ.

ಔಷಧಿ ಹೊಡೆಸುವುದು ಅಡಿಕೆ ಉದುರಿಸುವ ಕೊಳೆರೋಗವನ್ನು ತಡೆಯಲು. ಅದರ ರೋಗಾಣು ಮಳೆಹನಿಯ ಜೊತೆ ಗೊನೆಯಿಂದ ಗೊನೆಗೆ ಹಾರುತ್ತದೆ. ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಅಡಿಕೆಯ ಮೇಲೆ ಮೊದಲೇ ಒಣಗಿ ಪದರವಾಗಿ ಕುಳಿತಿದ್ದರೆ ಮಾತ್ರ ತಡೆಯುತ್ತದೆ, ಉದುರತೊಡಗಿದ ಅಡಿಕೆಯನ್ನು ಅದು ಉಳಿಸಿಕೊಡುವುದಿಲ್ಲ. ಹಾಗಾಗಿ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ ಮುಗಿಯಬೇಕು. ನಿಮಗೆ ಕೈಯಲ್ಲಿರುವುದು ಸುಮಾರು ಎರಡು ವಾರ. ಈ ಎರಡು ವಾರದಲ್ಲಿ ಮೊದಲು ಆಗಬೇಕಾದ್ದು ಸಿಂಪಡಣೆಯಲ್ಲ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ದಿನ ಹೇಳುವುದು. ಊರಿಗೊಬ್ಬನೋ ಇಬ್ಬರೋ ಕೊನೆಗಾರರು. ಮೊದಲ ಮೋಡ ಕಂಡ ದಿನ ಎಲ್ಲ ತೋಟದವರೂ ಅವನಿಗೇ ಫೋನ್ ಮಾಡುತ್ತಾರೆ. ಆದ್ದರಿಂದ ಆ ಒಂದು ಫೋನ್ ಕರೆ ಇವತ್ತಿನದು, ಮೊದಲ ಚೌಕದ್ದು. ಐದು ನಿಮಿಷದ ಕೆಲಸ.

ಮೈಲುತುತ್ತ ಮತ್ತು ಸುಣ್ಣ ತರುವುದು ಮುಖ್ಯವಾದರೂ ತುರ್ತಲ್ಲ, ಎರಡನೇ ಚೌಕದ್ದು. ಈ ವಾರದೊಳಗೆ ಯಾವತ್ತಾದರೂ ಆದೀತು. ಸುಣ್ಣಕ್ಕೆ ತೇವ ತಾಗದಂತೆ ಮುಚ್ಚಿಟ್ಟರೆ ಸಾಕು. ದ್ರಾವಣ ಕಲಸುವುದನ್ನು ಮಾತ್ರ ಮುಂಚಿತವಾಗಿ ಮಾಡಿಡಲು ಸಾಧ್ಯವೇ ಇಲ್ಲ, ಕಲಸಿದ್ದು ಅಂದೇ ಮುಗಿಯಬೇಕು. ಹಿಂದಿನ ರಾತ್ರಿ ಒಂದು ಕಿಲೋ ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನಲ್ಲಿ ಇಳಿಬಿಟ್ಟಿರುತ್ತೀರಿ. ಬೆಳಿಗ್ಗೆ ಇನ್ನೊಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಂದು ಕಿಲೋ ಸುಣ್ಣವನ್ನು 50 ಲೀಟರ್ ನೀರಿಗೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕೋಲಿನಲ್ಲಿ ತಿರುಗಿಸುತ್ತೀರಿ. ಉಜ್ಜಿದ ಚಾಕುವನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತರೆ ಹುಳಿ ಹೆಚ್ಚಿದೆ, ಇನ್ನಷ್ಟು ಸುಣ್ಣದ ನೀರು ಬೇಕು ಎಂದು ಅರ್ಥ. ಇದೆಲ್ಲ ನಿಮಗೆ ಗೊತ್ತಿರುವ ಸಂಗತಿಯೇ. ಆದರೂ ಬರೆದೆ, ಏಕೆಂದರೆ ಒಂದೇ ಕೆಲಸದಲ್ಲಿ ಮುಂಚೆ ಮುಗಿಸಬಹುದಾದ ತುಂಡು ಯಾವುದು, ಆ ದಿನವೇ ಆಗಬೇಕಾದ ತುಂಡು ಯಾವುದು ಎಂಬುದು ಹೀಗೆ ಬಿಡಿಸಿದಾಗಲೇ ಕಾಣುತ್ತದೆ. ಚೌಕಕ್ಕೆ ಹೋಗಬೇಕಾದ್ದು ಈ ತುಂಡುಗಳು, ಗಂಟಲ್ಲ.

ನಿಮ್ಮ ಎಂಟು ಸಾಲುಗಳನ್ನು ಹೀಗೆ ಬಿಡಿಸಿ ಹಂಚಿದರೆ ನನ್ನ ಪ್ರಕಾರ ಕೋಷ್ಟಕ ಹೀಗಿರಬೇಕು:

| | ತುರ್ತು | ತುರ್ತಲ್ಲ |
|---|---|---|
| ಮುಖ್ಯ | 1. ಕೊನೆಗಾರನಿಗೆ ಫೋನ್ ಮಾಡಿ ದಿನ ಗೊತ್ತುಮಾಡುವುದು (ಇಂದು). ಬಸಿಗಾಲುವೆಗೆ ಆಳು ಹೇಳುವುದು (ಇಂದು). ಗೃಹಪ್ರವೇಶ (ಅದರ ದಿನ) | 2. ಮೈಲುತುತ್ತ, ಸುಣ್ಣ ತರುವುದು (ಗುರುವಾರ); ಸಾಲಕ್ಕೆ ಪಹಣಿ ತೆಗೆಸುವುದು (ಗುರುವಾರ); ಕಣ್ಣಿನ ವೈದ್ಯರ ಬಳಿ ದಿನ ಪಡೆಯುವುದು (ಶುಕ್ರವಾರ) |
| ಮುಖ್ಯವಲ್ಲ | 3. ಕರೆಂಟ್ ಬಿಲ್, ಸಂಘದ ಗುಂಪಿನ ಸಂದೇಶಗಳು | 4. ಅಟ್ಟದ ಪಾತ್ರೆಗಳು |

ಗೃಹಪ್ರವೇಶವನ್ನು ಮೇಲಿನ ಸಾಲಿನಲ್ಲಿ ಇಟ್ಟಿರುವುದನ್ನು ಕಂಡು ಅಚ್ಚರಿಯಾಗಬಹುದು. ಕೋಷ್ಟಕದ ಬಗ್ಗೆ ಬರೆಯುವವರು ಬೇರೆಯವರ ಮನೆಯ ಸಮಾರಂಭವನ್ನು ಕಣ್ಣುಮುಚ್ಚಿ ಮೂರನೇ ಚೌಕಕ್ಕೆ ಹಾಕುತ್ತಾರೆ. ಮಲೆನಾಡಿನಲ್ಲಿ ಅದು ತಪ್ಪು ಲೆಕ್ಕ. ಮುಯ್ಯಾಳಿನ ಮೇಲೆ ನಡೆಯುವ ಊರಿನಲ್ಲಿ ಪಕ್ಕದ ಮನೆಯವರೇ ನಾಳೆ ನಿಮ್ಮ ಅಡಿಕೆ ಸುಲಿಯಲು ಬರುವವರು, ರಾತ್ರಿ ಹೊತ್ತು ಅತ್ತೆಯವರಿಗೆ ಹುಷಾರು ತಪ್ಪಿದರೆ ಜೀಪು ತರುವವರು. ಯಾವುದು ಮುಖ್ಯ ಎಂಬುದನ್ನು ಕೋಷ್ಟಕ ಹೇಳಿಕೊಡುವುದಿಲ್ಲ. ಅದನ್ನು ನೀವೇ ತೀರ್ಮಾನಿಸಿ ಅದರೊಳಕ್ಕೆ ತರಬೇಕು. ಆದರೆ ಅಲ್ಲಿಯೂ ತುಂಡು ಮಾಡಬಹುದು: ಹೋಗಿಬರುವುದು ಮುಖ್ಯ, ಹಿಂದಿನ ಎರಡು ದಿನವೂ ಅಲ್ಲೇ ಇರಬೇಕೇ ಎಂಬುದು ಬೇರೆ ಪ್ರಶ್ನೆ.

ಮೂರನೇ ಚೌಕಕ್ಕೆ ನಮ್ಮ ಮನೆಗಳಲ್ಲಿ ಇರುವ ದಾರಿ ಎರಡು. ಮೊಬೈಲ್ ಬಲ್ಲ ಮಕ್ಕಳಿದ್ದರೆ ಬಿಲ್ಲಿನ ಹೊಣೆ ಪ್ರತಿ ತಿಂಗಳೂ ಅವರದ್ದೇ ಎಂದು ಒಮ್ಮೆ ಹೇಳಿಬಿಡಿ. ಪ್ರತಿ ಸಲ ಹೊಸದಾಗಿ ಹೇಳುವುದಾದರೆ ಅದು ನಿಮ್ಮ ಕೆಲಸವಾಗಿಯೇ ಉಳಿಯುತ್ತದೆ. ವಹಿಸಲು ಯಾರೂ ಇಲ್ಲದಿದ್ದರೆ ಒಟ್ಟುಗೂಡಿಸಿ: ಸಂದೇಶಗಳಿಗೆ ರಾತ್ರಿ ಊಟವಾದ ಮೇಲಿನ ಅರ್ಧ ಗಂಟೆ, ಪೇಟೆಯ ಕೆಲಸಗಳಿಗೆಲ್ಲ ಒಂದೇ ಬಸ್ ಪ್ರಯಾಣ. ಕೋಷ್ಟಕದಲ್ಲಿ ಗುರುವಾರ ಎರಡು ಸಲ ಬಂದಿರುವುದು ಅದಕ್ಕೇ. ತುತ್ತ, ಸುಣ್ಣ, ಪಹಣಿ ಎಲ್ಲವೂ ತೀರ್ಥಹಳ್ಳಿಯಲ್ಲೇ ಆಗುತ್ತವೆ. ಅಟ್ಟದ ಪಾತ್ರೆಗಳು ದೀಪಾವಳಿಯವರೆಗೂ ಅಲ್ಲೇ ಇರಲಿ.

ಇನ್ನು ನಾನು ಒತ್ತಿ ಹೇಳಲೇಬೇಕಾದ್ದು ಎರಡನೇ ಚೌಕದ ಬಗ್ಗೆ. ಅಲ್ಲಿರುವ ಕೆಲಸಗಳಿಗೆ ಬಾಯಿ ಇಲ್ಲ. ಅತ್ತೆಯವರು ‘ಮಂಜು ಮಂಜಾಗಿ ಕಾಣುತ್ತದೆ’ ಎಂದು ಒಂದು ಸಲ ಹೇಳಿ ಸುಮ್ಮನಾಗಿರುತ್ತಾರೆ. ಯಾರೂ ಬಾಗಿಲು ತಟ್ಟುವುದಿಲ್ಲ, ದಂಡ ಹಾಕುವುದಿಲ್ಲ. ಮಳೆ ಹಿಡಿದ ಮೇಲೆ ವಯಸ್ಸಾದವರನ್ನು ಶಿವಮೊಗ್ಗದವರೆಗೆ 60 ಕಿಲೋಮೀಟರ್ ಕರೆದೊಯ್ಯುವುದು ಇನ್ನೂ ಕಷ್ಟ. ಆಗ ದಸರೆಯ ತನಕ ಎಂದು ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಅಂಗಳದ ಪಾಚಿಯ ಮೇಲೆ ಅವರು ಕಾಲು ಜಾರಿದರೆ ಅದೇ ಕೆಲಸ ಮೊದಲ ಚೌಕಕ್ಕೆ ಬಂದು ನಿಲ್ಲುತ್ತದೆ, ದುಪ್ಪಟ್ಟು ನೋವು ಮತ್ತು ಖರ್ಚಿನೊಂದಿಗೆ. ಆದ್ದರಿಂದ ಎರಡನೇ ಚೌಕದಲ್ಲಿ ವಾರದ ಹೆಸರಿಲ್ಲದ ಒಂದು ಸಾಲೂ ಇರಬಾರದು. ‘ಕಣ್ಣು ತೋರಿಸುವುದು’ ಎಂದು ಬರೆದರೆ ಸಾಲದು, ‘ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿ ದಿನ ಕೇಳುವುದು’ ಎಂದು ಬರೆಯಬೇಕು.

ಬೆಳೆಸಾಲದ ವಿಚಾರವೂ ಇದೇ. ಜೂನ್ 15 ಇನ್ನೂ ದೂರವಿದೆ, ಹಾಗಾಗಿ ಇಂದು ಅದು ತುರ್ತಲ್ಲ. ಗಡುವು ದಾಟಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ ಎಂಬ ಭಯದಿಂದ ಅದನ್ನು ಈಗಲೇ ಮೊದಲ ಚೌಕಕ್ಕೆ ತಂದರೆ ಕೊನೆಗಾರನ ಫೋನಿನ ಜಾಗವನ್ನು ಅದು ತಿನ್ನುತ್ತದೆ. ಪಹಣಿ ತೆಗೆಸುವುದು ಈ ವಾರ, ಮರುಪಾವತಿಯ ಹಣ ಹೊಂದಿಸುವುದು ಮುಂದಿನ ವಾರ, ಸೊಸೈಟಿಗೆ ಹೋಗುವುದು ಜೂನ್ ಮೊದಲ ವಾರ ಎಂದು ಹಂಚಿಬಿಟ್ಟರೆ ಅದು ಕೊನೆಯವರೆಗೂ ಎರಡನೇ ಚೌಕದಲ್ಲೇ ಇದ್ದು ಮುಗಿಯುತ್ತದೆ.

ಕೋಷ್ಟಕ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಒಂದು ಗುರುತು ಹಾಕಿಕೊಳ್ಳಿ. ಭಾನುವಾರ ಹೊಸ ಹಾಳೆಯಲ್ಲಿ ಕೋಷ್ಟಕವನ್ನು ಬರೆಯುವಾಗ, ಕಳೆದ ವಾರ ಎರಡನೇ ಚೌಕದಲ್ಲಿದ್ದು ಈಗ ಮೊದಲನೆಯದಕ್ಕೆ ಜಿಗಿದ ಸಾಲುಗಳ ಪಕ್ಕದಲ್ಲಿ ಚುಕ್ಕೆ ಇಡಿ. ಹಸು ಕರು ಹಾಕುವುದು, ಗಾಳಿಗೆ ಮರ ಬಿದ್ದು ಕರೆಂಟ್ ತಂತಿ ಹರಿಯುವುದು ಇವಕ್ಕೆ ಚುಕ್ಕೆ ಇರುವುದಿಲ್ಲ, ಅವು ನಿಜವಾದ ತುರ್ತುಗಳು, ಯಾವ ಕೋಷ್ಟಕವೂ ತಡೆಯಲಾರದು. ಚುಕ್ಕೆಯಿರುವ ಸಾಲುಗಳೇ ಹೆಚ್ಚಿದ್ದರೆ ನೀವು ಹಾಕಿಕೊಂಡ ದಿನಗಳು ಕೈಮೀರಿದ್ದವು ಎಂದಾಯಿತು. ಮುಂದಿನ ವಾರ ಎರಡನೇ ಚೌಕದಲ್ಲಿ ಮೂರಕ್ಕಿಂತ ಹೆಚ್ಚು ಬರೆಯಬೇಡಿ. ಒಂದೇ ಸಾಲನ್ನು ವಾರದಿಂದ ವಾರಕ್ಕೆ ನಕಲು ಮಾಡುತ್ತಲೇ ಇದ್ದರೆ ಅದು ಇನ್ನೂ ಬಿಚ್ಚದ ಗಂಟು. ಅಥವಾ ನಿಮಗೆ ಅದು ಮುಖ್ಯವೇ ಅಲ್ಲ, ಧೈರ್ಯವಾಗಿ ನಾಲ್ಕಕ್ಕೆ ತಳ್ಳಿ. ಆದರೆ ಮಧ್ಯಾಹ್ನ ಅರ್ಧ ಗಂಟೆ ಬೆನ್ನು ಚಾಚುವುದನ್ನು ನಾಲ್ಕನೇ ಚೌಕಕ್ಕೆ ಹಾಕಬೇಡಿ. ಅದು ಎರಡನೆಯದರಲ್ಲಿರಬೇಕು, ಗಂಟೆಯ ಸಮೇತ.

ಮೊದಲ ಸಿಂಪಡಣೆ ಮುಗಿದ ದಿನ ಸಂಜೆಯೇ ಕ್ಯಾಲೆಂಡರಿನಲ್ಲಿ 40 ದಿನ ಎಣಿಸಿ ಎರಡನೇ ಔಷಧಿಯ ದಿನಾಂಕಕ್ಕೆ ಸುತ್ತು ಹಾಕಿ. ಅದಕ್ಕೆ ಹತ್ತು ದಿನ ಮೊದಲು ‘ಕೊನೆಗಾರನಿಗೆ ಫೋನ್’ ಎಂದು ಬರೆಯಿರಿ. ಆ ಹೊತ್ತಿಗೆ ಆಷಾಢದ ಮಳೆ ಜೋರಾಗಿರುತ್ತದೆ, ಹೊಳವಾದ ಒಂದೆರಡು ದಿನ ಸಿಕ್ಕಾಗ ಹೊಡೆಸಬೇಕಾಗುತ್ತದೆ. ಮುಂಚೆಯೇ ಹೇಳಿಟ್ಟವರ ತೋಟಕ್ಕೆ ಅವನು ಮೊದಲು ಬರುತ್ತಾನೆ.

– ಸಂಪಾದಕ