ಇವಿಎ ಫೋಮೋ, ಟಿಪಿಯು ಬೀಡೋ: ದಿನಾ ಓಡುವವರಿಗೆ ಯಾವುದು?

ಪ್ರಶ್ನೆ: ವಿಜಯಪುರದಲ್ಲಿ ವಾರಕ್ಕೆ ಆರು ದಿನ ಐದೈದು ಕಿ.ಮೀ. ಓಡ್ತೀನಿ. ಇವಿಎ ಶೂ ಐದೇ ತಿಂಗಳಿಗೆ ಗಟ್ಟಿ ಆಯ್ತು, ತಳದ ರಬ್ಬರ್ ಮಾತ್ರ ಚೆನ್ನಾಗೇ ಇದೆ. ಟಿಪಿಯು ಬೀಡ್ ಶೂಗೆ ಜಾಸ್ತಿ ರೊಕ್ಕ ಕೊಡಬಹುದಾ?

ಕೊಡಬಹುದು, ಶೂ ಸ್ವಲ್ಪ ಭಾರ ಇದ್ದರೂ ನಡೆಯುತ್ತದೆ ಅನ್ನುವುದಾದರೆ. ಇವಿಎ, ಟಿಪಿಯು ಎರಡೂ ಪಾದಕ್ಕೂ ತಳದ ರಬ್ಬರಿಗೂ ನಡುವೆ ಇರುವ ಮೆತ್ತನೆಯ ಪದರಕ್ಕೆ ಬಳಸುವ ಪ್ಲಾಸ್ಟಿಕ್‌ಗಳು.

ನಿಮ್ಮ ಶೂ ಕೆಟ್ಟ ಮಾಲೇನಲ್ಲ. ವಾರಕ್ಕೆ 30 ಕಿ.ಮೀ. ಅಂದರೆ ಐದು ತಿಂಗಳಿಗೆ ಸುಮಾರು 650 ಕಿ.ಮೀ. ಆಯಿತು. ಸಾದಾ ಇವಿಎ ಶೂ ಸಾಮಾನ್ಯವಾಗಿ ಬಾಳುವುದೇ 500ರಿಂದ 800 ಕಿ.ಮೀ. ಆ ಫೋಮಿನ ತುಂಬ ಮುಚ್ಚಿದ ಸಣ್ಣ ಗುಳ್ಳೆಗಳಿರುತ್ತವೆ. ಹೆಜ್ಜೆ ಬಿದ್ದಾಗ ಕುಗ್ಗಿ, ಎತ್ತಿದಾಗ ಮತ್ತೆ ಉಬ್ಬುತ್ತವೆ. ಸಾವಿರಾರು ಸಲ ಹೀಗಾದ ಮೇಲೆ ಗುಳ್ಳೆಯ ಗೋಡೆ ಮಡಚಿಕೊಳ್ಳುತ್ತದೆ, ಕೆಲವು ಒಡೆಯುತ್ತವೆ. ಫೋಮ್ ತೆಳ್ಳಗಾಗಿ ಗಟ್ಟಿಯಾಗುತ್ತದೆ. ತಳದ ರಬ್ಬರ್ ನೋಡಿದರೆ ಇದು ತಿಳಿಯುವುದಿಲ್ಲ. ಶೂ ಪಕ್ಕದಲ್ಲಿ, ಹಿಮ್ಮಡಿಯ ಹತ್ತಿರ ನೋಡಿ. ಕಾಲಿನಿಂದ ತೆಗೆದ ಮೇಲೂ ಅಡ್ಡ ಸುಕ್ಕುಗಳು ಆಳವಾಗಿ ಉಳಿದಿದ್ದರೆ, ಮೇಜಿನ ಮೇಲಿಟ್ಟಾಗ ಹಿಂಭಾಗ ಒಂದು ಕಡೆ ವಾಲುತ್ತಿದ್ದರೆ, ಅದು ಮುಗಿದಂತೆ.

ನಮ್ಮೂರಿನ ಬಿಸಿಲೂ ಇದಕ್ಕೆ ಸೇರುತ್ತದೆ. ಇವಿಎ ಬಿಸಿಗೆ ಮೆತ್ತಗಾಗುತ್ತದೆ, ಆಗ ಇನ್ನೂ ಬೇಗ ಚಪ್ಪಟೆಯಾಗುತ್ತದೆ. ಮೇ ತಿಂಗಳಲ್ಲಿ ತೊಳೆದ ಶೂವನ್ನು ಮಾಳಿಗೆ ಮೇಲೆ ಒಣಗಿಸಬೇಡಿ, ಮುಚ್ಚಿದ ಕಾರಿನಲ್ಲೂ ಬಿಡಬೇಡಿ, ಫೋಮ್ ಕುಗ್ಗಿ ಸೊಟ್ಟಗಾಗಬಹುದು.

ಟಿಪಿಯು ಬೀಡ್ ಹಾಗಲ್ಲ. ಪ್ಲಾಸ್ಟಿಕ್ ಕಾಳುಗಳನ್ನು ಉಬ್ಬಿಸಿ, ಅಚ್ಚಿನಲ್ಲಿ ಹಬೆ ಕೊಟ್ಟು ಒಂದಕ್ಕೊಂದು ಬೆಸೆಯುತ್ತಾರೆ. ಥರ್ಮಾಕೋಲ್ ಹಾಳೆಯಂತೆ ಕಾಳು ಕಾಳಾಗಿ ಕಾಣುತ್ತದೆ. 2013ರಲ್ಲಿ ಅಡಿಡಾಸ್ ತಂದ 'ಬೂಸ್ಟ್' ಇದೇ, ಮಾಲು ಬಿಎಎಸ್ಎಫ್ ಕಂಪನಿಯದು. ಒತ್ತಿದರೆ ಕೂಡಲೇ ವಾಪಸ್ ಬರುತ್ತದೆ, ಕಾಲನ್ನು ಪುಟಿಸುತ್ತದೆ. ಬಿಸಿ-ಚಳಿಗೆ ಅಷ್ಟಾಗಿ ಬದಲಾಗುವುದಿಲ್ಲ. ನಾನು ಎರಡನ್ನೂ ಓಡಿ ನೋಡಿದ್ದೇನೆ. ಬೀಡ್ ಶೂನಲ್ಲಿ ಮೊದಲು ಹೋದದ್ದು ತಳದ ರಬ್ಬರ್, ಫೋಮ್ ಅಲ್ಲ. ಬಿಳಿ ಬಣ್ಣದ್ದು ಹಳದಿಗೆ ತಿರುಗುತ್ತದೆ, ಕಾಳುಗಳ ಸಂದಿನಲ್ಲಿ ಮಣ್ಣು ಕೂರುತ್ತದೆ. ಅದು ನೋಟ ಮಾತ್ರ ಕೆಡುವುದು, ಪುಟಿತ ಕಡಿಮೆಯಾಗುವುದಿಲ್ಲ.

ಕೊರತೆ ಎರಡು. ತೂಕ ಜಾಸ್ತಿ. ತುಂಬ ಮೆತ್ತಗಿರುವ ಮಾಡೆಲ್‌ನಲ್ಲಿ ತಿರುವಿನಲ್ಲಿ ಕಾಲು ಅಲ್ಲಾಡಿದಂತಾಗುತ್ತದೆ. ಪಾದ ಒಳಗೆ ವಾಲುವವರು ಅಂಗಡಿಯಲ್ಲೇ ಹಾಕಿ ನಾಲ್ಕು ಹೆಜ್ಜೆ ಓಡಿ ನೋಡಲೇಬೇಕು. ಇನ್ನೂ ಹಗುರ, ಇನ್ನೂ ಪುಟಿತ ಬೇಕೆಂದರೆ ಪೀಬಾ ಫೋಮ್ ಇದೆ. ಆದರೆ ಅದು ದುಬಾರಿ, ರೇಸಿಗೆ ಸರಿ, ದಿನಾ ಓಡುವುದಕ್ಕೆ ಬೇಡ.

ಒಂದು ಎಚ್ಚರಿಕೆ. ಅಗ್ಗದ ಶೂಗಳಲ್ಲಿ ಸಾದಾ ಇವಿಎ ಮೇಲೇ ಕಾಳಿನ ಅಚ್ಚು ಒತ್ತಿರುತ್ತಾರೆ. ಹೆಬ್ಬೆರಳಿನಿಂದ ಒತ್ತಿ ಬಿಡಿ. ನಿಜವಾದ ಬೀಡ್ ತಟ್ಟನೆ ಎದ್ದು ಬರುತ್ತದೆ, ಅಚ್ಚಿನದು ನಿಧಾನ. ಕೈಯಲ್ಲಿ ಹಿಡಿದಾಗ ತೀರಾ ಹಗುರ ಅನ್ನಿಸಿದರೂ ಅನುಮಾನ ಪಡಿ.