ಕಂಪನಿಗಳ ವಂಚನೆ ಅಪರಾಧದ ಅಂಕಿಅಂಶದಲ್ಲಿ ಏಕೆ ಕಾಣುವುದಿಲ್ಲ?

ಪ್ರಶ್ನೆ: ಬೈಕ್ ಕದ್ದರೆ ಲೆಕ್ಕಕ್ಕೆ ಬರುತ್ತೆ, ಕಂಪನಿ ಪಿಎಫ್ ದುಡ್ಡು ನುಂಗಿದರೆ ಯಾಕೆ ಬರಲ್ಲ?

ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿಯ ವರದಿ ಎಣಿಸುವುದು ಪೊಲೀಸರು ದಾಖಲಿಸಿದ ಪ್ರಕರಣಗಳನ್ನು. ಪಿಎಫ್ ದೂರು ಸಾಮಾನ್ಯವಾಗಿ ಠಾಣೆಗೆ ಹೋಗುವುದೇ ಇಲ್ಲ.

ಕೋಲಾರದ ನರಸಾಪುರದಲ್ಲಿ 200 ಜನರ ಒಂದು ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. 15,000 ರೂಪಾಯಿ ಮೂಲವೇತನಕ್ಕೆ ಕಾರ್ಮಿಕರ ಪಾಲು ಶೇ 12, ಅಂದರೆ 1,800. ಹತ್ತು ತಿಂಗಳು ಸಂಬಳದಲ್ಲಿ ಹಿಡಿದು ಕಟ್ಟದೇ ಹೋದರೆ 36 ಲಕ್ಷ. ಸಂಬಳದ ಚೀಟಿಯಲ್ಲಿ ಕಡಿತ ಇರುತ್ತದೆ, ಪಿಎಫ್ ಪಾಸ್‌ಬುಕ್‌ನಲ್ಲಿ ಆ ತಿಂಗಳುಗಳು ಖಾಲಿ. ಇಷ್ಟು ಹೋಲಿಸಿದರೆ ಸಾಕು, ಗೊತ್ತಾಗುತ್ತದೆ.

ಮುಂದೆ ಪಿಎಫ್ ಕಚೇರಿ ವಿಚಾರಣೆ ನಡೆಸಿ ಬಾಕಿ ನಿಗದಿ ಮಾಡುತ್ತದೆ. ಬಡ್ಡಿ, ದಂಡ ಸೇರಿಸಿ ವಸೂಲಿಗಿಳಿಯುತ್ತದೆ. ಕಾರ್ಮಿಕರಿಂದ ಹಿಡಿದ ದುಡ್ಡು ಕಟ್ಟದಿರುವುದು ಕಾನೂನಿನ ಪ್ರಕಾರ ನಂಬಿಕೆ ದ್ರೋಹವೇ. ಆದರೂ ಬಾಕಿ ವಸೂಲಾದರೆ ಫೈಲು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಎಫ್‌ಐಆರ್ ಇಲ್ಲ, ಹಾಗಾಗಿ ಅಂಕಿಯೂ ಇಲ್ಲ. ತೆರಿಗೆ, ಷೇರುಪೇಟೆ, ಮಾಲಿನ್ಯದ ಉಲ್ಲಂಘನೆಗಳಿಗೂ ಹೆಚ್ಚಾಗಿ ಇದೇ ಗತಿ.

ಅಪರೂಪಕ್ಕೆ ಎಫ್‌ಐಆರ್ ಆದರೂ 200 ಜನರ ನಷ್ಟಕ್ಕೆ ಸಿಗುವುದು ಒಂದೇ ಅಂಕಿ, ಬೈಕ್ ಕಳ್ಳತನಕ್ಕೆ ಸಿಗುವಷ್ಟೇ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುವ ನಿಯಮ ಬೇರೆ ಇದೆ. ವರದಿಯಲ್ಲಿ 'ಆರ್ಥಿಕ ಅಪರಾಧ' ಎಂಬ ಅಧ್ಯಾಯವಿದೆಯಲ್ಲ ಎನ್ನಬಹುದು. ಅದರಲ್ಲಿ ಚಿಲ್ಲರೆ ಮೋಸ, ನಕಲಿ ಸಹಿ ಎಲ್ಲವೂ ಬೆರೆತಿವೆ. ಮಾಡಿದ್ದು ಕಂಪನಿಯೋ ಪಕ್ಕದ ಮನೆಯವನೋ ಎಂದು ಆ ಕೋಷ್ಟಕದಿಂದ ತಿಳಿಯುವುದಿಲ್ಲ.