ಹಿಂದಿನ ದಿನ ಷೇರು ಕೊಂಡರೆ ಡಿವಿಡೆಂಡ್ ಪುಕ್ಕಟೆ ಸಿಗುತ್ತದಾ?

ಪ್ರಶ್ನೆ: ಒಂದು ಕಂಪನಿ ಷೇರಿಗೆ 40 ರೂಪಾಯಿ ಡಿವಿಡೆಂಡ್ ಘೋಷಿಸಿದೆ. ಷೇರಿನ ಬೆಲೆ 1,000 ರೂಪಾಯಿ. ರೆಕಾರ್ಡ್ ಡೇಟ್‌ನ ಹಿಂದಿನ ದಿನ 100 ಷೇರು ಕೊಂಡು ಮರುದಿನ ಮಾರಿದರೆ ಒಂದೇ ದಿನಕ್ಕೆ 4,000 ರೂಪಾಯಿ ಲಾಭ ಅಲ್ವಾ? (ಓದುಗರು, ವಿಜಯನಗರ)

ಉತ್ತರ: ಅಲ್ಲ. ಪ್ರತಿ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಕಂಪನಿಗಳ ಡಿವಿಡೆಂಡ್ ದಿನಗಳು ಸಾಲಾಗಿ ಬರುತ್ತವೆ, ಜೊತೆಗೆ ಈ ಪ್ರಶ್ನೆಯೂ ಬರುತ್ತದೆ. ಈ ಸಲ ಪೂರ್ತಿ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ರೆಕಾರ್ಡ್ ಡೇಟ್ ಶುಕ್ರವಾರ ಎಂದುಕೊಳ್ಳಿ. 2023ರ ಜನವರಿಯಿಂದ ನಮ್ಮಲ್ಲಿ ಎಲ್ಲ ಷೇರುಗಳಿಗೂ ಟಿ+1 ಸೆಟಲ್‌ಮೆಂಟ್ ಇದೆ. ಗುರುವಾರ ಕೊಂಡ ಷೇರು ಶುಕ್ರವಾರ ನಿಮ್ಮ ಡಿಮ್ಯಾಟ್‌ಗೆ ಬರುತ್ತದೆ, ಕಂಪನಿಯ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರುತ್ತದೆ. ಶುಕ್ರವಾರ ಕೊಂಡವರಿಗೆ ಷೇರು ಬರುವುದು ಸೋಮವಾರ. ಅವರಿಗೆ ಈ ಡಿವಿಡೆಂಡ್ ಇಲ್ಲ. ಡಿವಿಡೆಂಡ್ ಇಲ್ಲದೆ ಬರೀ ಷೇರು ಸಿಗಲು ಶುರುವಾಗುವ ದಿನವೇ ಎಕ್ಸ್ ಡೇಟ್. ಹಾಗಾಗಿ ಈಗ ಸಾಮಾನ್ಯವಾಗಿ ಎಕ್ಸ್ ಡೇಟ್ ಮತ್ತು ರೆಕಾರ್ಡ್ ಡೇಟ್ ಎರಡೂ ಒಂದೇ ದಿನ.

ಈಗ ಶುಕ್ರವಾರ ಬೆಳಿಗ್ಗೆ ಕೊಳ್ಳಲು ಬಂದವನ ಜಾಗದಲ್ಲಿ ನಿಂತು ನೋಡಿ. ಗುರುವಾರ 1,000 ರೂಪಾಯಿಗೆ ಸಿಕ್ಕಿದ್ದು ಷೇರು, ಜೊತೆಗೆ 40 ರೂಪಾಯಿ. ಶುಕ್ರವಾರ ಸಿಗುವುದು ಬರೀ ಷೇರು. ಅವನು ಅದಕ್ಕೂ 1,000 ಯಾಕೆ ಕೊಡುತ್ತಾನೆ? ಫಸಲು ನಿಂತಿರುವ ತೆಂಗಿನ ತೋಟಕ್ಕೂ ಕಾಯಿ ಇಳಿಸಿಕೊಂಡ ತೋಟಕ್ಕೂ ಒಂದೇ ಬೆಲೆ ಕೊಡುವವರು ಯಾರೂ ಇಲ್ಲ. ಕಂಪನಿಯ ಖಾತೆಯಿಂದ ಷೇರಿಗೆ 40 ರೂಪಾಯಿ ಹೊರಗೆ ಹೋಗುವುದು ಖಚಿತವಾಗಿದೆ. ಅಷ್ಟು ಹಣ ಕಡಿಮೆ ಇರುವ ಕಂಪನಿಯ ಷೇರು 960ರ ಆಸುಪಾಸಿನಲ್ಲಿ ಶುರುವಾಗುತ್ತದೆ.

ನಿಮ್ಮ ಲೆಕ್ಕ ಹೀಗಾಗುತ್ತದೆ. ಗುರುವಾರ 1,00,000 ರೂಪಾಯಿ ಹಾಕಿದಿರಿ. ಶುಕ್ರವಾರ 960ರಂತೆ ಮಾರಿದರೆ 96,000 ಬಂತು. 4,000 ನಷ್ಟ. ಡಿವಿಡೆಂಡ್ 4,000 ಬರುತ್ತದೆ, ಆದರೆ ಅವತ್ತೇ ಅಲ್ಲ, ವಾರಗಳ ನಂತರ. ಇಷ್ಟಕ್ಕೇ ನಿಂತಿದ್ದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನಬಹುದಿತ್ತು. ಆದರೆ ಕೊಳ್ಳುವಾಗ ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ 100 ರೂಪಾಯಿ, ಸ್ಟ್ಯಾಂಪ್ ಡ್ಯೂಟಿ 15, ಮಾರುವಾಗ ಎಸ್‌ಟಿಟಿ 96. ಅಲ್ಲಿಗೆ 211 ಹೋಯಿತು. ಬ್ರೋಕರೇಜ್, ಡಿಪಿ ಚಾರ್ಜು ಬೇರೆ.

ದೊಡ್ಡ ಪೆಟ್ಟು ತೆರಿಗೆಯಲ್ಲಿದೆ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರುತ್ತದೆ, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ. ಶೇ 30ರ ಸ್ಲ್ಯಾಬ್‌ನವರಿಗೆ ಸೆಸ್ ಸೇರಿ 4,000ಕ್ಕೆ 1,248 ರೂಪಾಯಿ. ಮಾರಾಟದಲ್ಲಾದ 4,000 ನಷ್ಟವನ್ನು ಈ ಡಿವಿಡೆಂಡ್ ಎದುರು ಕಳೆಯುವ ಹಾಗಿಲ್ಲ. ಅದು ಅಲ್ಪಾವಧಿ ಬಂಡವಾಳ ನಷ್ಟ. ಬಂಡವಾಳ ಲಾಭ ಇದ್ದರೆ ಮಾತ್ರ ಅದರ ಜೊತೆ ವಜಾ ಆಗುತ್ತದೆ, ಇಲ್ಲದಿದ್ದರೆ 8 ವರ್ಷ ಮುಂದಕ್ಕೆ ಒಯ್ಯಬಹುದು, ಅಷ್ಟೇ. ಅಂದರೆ ಕೈಗೆ ಏನೂ ಹೆಚ್ಚು ಬರಲಿಲ್ಲ, 1,459 ರೂಪಾಯಿ ಹೋಯಿತು. ಬೇರೆ ಷೇರಿನಲ್ಲಿ ಅಲ್ಪಾವಧಿ ಲಾಭ ಇದ್ದು ಈ ನಷ್ಟ ಅದಕ್ಕೆ ಪೂರ್ತಿ ವಜಾ ಆಯಿತು ಎಂದೇ ಇಟ್ಟುಕೊಳ್ಳಿ. ಆಗಲೂ ಉಳಿತಾಯವಾಗುವ ತೆರಿಗೆ ಶೇ 20.8ರಂತೆ 832 ರೂಪಾಯಿ. ಇನ್ನೂ 627 ರೂಪಾಯಿ ಕೈಬಿಟ್ಟಿರುತ್ತದೆ.

ಹೋದ ವರ್ಷ ಒಬ್ಬರು ರಿಟರ್ನ್ ಸಲ್ಲಿಸಲು ನನ್ನ ಬಸವನಗುಡಿ ಕಚೇರಿಗೆ ಬಂದಿದ್ದರು. 14 ಕಂಪನಿಗಳಲ್ಲಿ ಇದೇ ಆಟ ಆಡಿದ್ದರು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಡಿವಿಡೆಂಡ್ ಬಂದ ಸಾಲುಗಳಿಗೆಲ್ಲ ಹಸಿರು ಪೆನ್ನಲ್ಲಿ ಗೆರೆ ಎಳೆದು ತಂದಿದ್ದರು. ಷೇರು ಮಾರಿದ ಕಾಂಟ್ರ್ಯಾಕ್ಟ್ ನೋಟ್‌ಗಳನ್ನು ಒಂದೂ ತೆರೆದು ನೋಡಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಕೂಡಿಸಿದಾಗ ಅವರ ಮುಖ ನೋಡಲಾಗಲಿಲ್ಲ. ಟಿಡಿಎಸ್ ಕಟ್ ಆಗಿಲ್ಲ, ಹಾಗಾಗಿ ತೆರಿಗೆಯೂ ಇಲ್ಲ ಎಂದು ಅವರು ನಂಬಿದ್ದರು. ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ದಾಟಿದರೆ ಮಾತ್ರ ಟಿಡಿಎಸ್. ತೆರಿಗೆ ಅದಕ್ಕೆ ಕಾಯುವುದಿಲ್ಲ, ಆ ಡಿವಿಡೆಂಡ್‌ಗಳೆಲ್ಲ ಆದಾಯ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಇದ್ದವು.

"ನಾನು ನೋಡಿದ ಷೇರು ಅವತ್ತು ಬೀಳಲೇ ಇಲ್ಲ" ಎಂದು ಕೆಲವರು ವಾದಕ್ಕೆ ಬರುತ್ತಾರೆ. ಸರಿಯಾಗಿ 40ಕ್ಕೆ 40 ಬೀಳಬೇಕೆಂದು ನಿಯಮವೇನಿಲ್ಲ. ಅವತ್ತಿನ ಸುದ್ದಿ, ಮಾರುಕಟ್ಟೆಯ ಏರಿಳಿತ ಎಲ್ಲ ಅದರ ಜೊತೆ ಬೆರೆಯುತ್ತವೆ. ಇಡೀ ಮಾರುಕಟ್ಟೆ ಶೇ 3 ಏರಿದ ದಿನ ನಮ್ಮ ಷೇರು 960ರಿಂದ 989ಕ್ಕೆ ಹೋದೀತು. ಪರದೆಯ ಮೇಲೆ 11 ರೂಪಾಯಿ ಇಳಿಕೆ ಅಷ್ಟೇ ಕಾಣುತ್ತದೆ. ಆ ಏರಿಕೆ ಡಿವಿಡೆಂಡ್ ಕೊಟ್ಟಿದ್ದಲ್ಲ. ಬೇರೆ ಯಾವ ಷೇರು ಕೊಂಡಿದ್ದರೂ ಸಿಗುತ್ತಿತ್ತು. ಮಾರುಕಟ್ಟೆ ಬಿದ್ದ ದಿನ ಇದೇ ಲೆಕ್ಕ ತಿರುಗಿ ಹೊಡೆಯುತ್ತದೆ. ಇನ್ನು 1,500 ರೂಪಾಯಿ ಷೇರಿಗೆ 2 ರೂಪಾಯಿ ಡಿವಿಡೆಂಡ್ ಆದರೆ ಇಳಿಕೆ ಕಣ್ಣಿಗೇ ಕಾಣುವುದಿಲ್ಲ, ಆದರೆ ಇರುತ್ತದೆ.

ಹಳೆಯ ಬೆಲೆ ತೆಗೆದು ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. ಕೆಲವು ತಾಣಗಳಲ್ಲಿ `Adj Close` ಎಂಬ ಕಾಲಂ ಇರುತ್ತದೆ. ಅದರಲ್ಲಿ ಹಿಂದಿನ ಬೆಲೆಗಳಿಂದ ಡಿವಿಡೆಂಡ್ ಪಾಲನ್ನು ಮೊದಲೇ ಕಳೆದಿರುತ್ತಾರೆ. ಇಳಿಕೆಯೇ ಇಲ್ಲವೆಂದು ಅದರಿಂದ ಕಂಡುಹಿಡಿದು ನನಗೆ ಪತ್ರ ಬರೆಯಬೇಡಿ. `Close` ನೋಡಿ.

ಆ ಷೇರು ಹೇಗೂ ವರ್ಷಗಟ್ಟಲೆ ಇಟ್ಟುಕೊಳ್ಳಲು ಬೇಕು ಅನ್ನುವುದಾದರೆ, ಮೇಲಿನ ಸ್ಲ್ಯಾಬ್‌ನವರು ಎಕ್ಸ್ ಡೇಟ್ ಕಳೆದ ಮೇಲೆ ಕೊಳ್ಳುವುದನ್ನು ಯೋಚಿಸಿ. ಮೊದಲೇ ಕೊಂಡರೆ ನಿಮ್ಮದೇ 4,000 ರೂಪಾಯಿ ಕಂಪನಿಯನ್ನು ಸುತ್ತಿ ನಿಮಗೇ ವಾಪಸ್ ಬರುತ್ತದೆ, ದಾರಿಯಲ್ಲಿ 1,248 ತೆರಿಗೆ ಕಟ್ಟಿಸಿಕೊಂಡು. ನಾನಂತೂ ನನ್ನ ಸ್ವಂತ ಖರೀದಿಯನ್ನು ಆ ವಾರ ಸುಮ್ನೆ ಮುಂದಕ್ಕೆ ಹಾಕುತ್ತೇನೆ.

ಪ್ರಶ್ನೆ: ಶೇ 800 ಡಿವಿಡೆಂಡ್ ಎಂದು ಪೇಪರಿನಲ್ಲಿ ಬಂದಿದೆ. ದುಡ್ಡು 8 ಪಟ್ಟು ಆಗುತ್ತದಾ?

ಉತ್ತರ: ಆ ಶೇಕಡಾ ಲೆಕ್ಕ ಮುಖಬೆಲೆಯ ಮೇಲೆ. ಮುಖಬೆಲೆ 5 ರೂಪಾಯಿ ಆದರೆ ಶೇ 800 ಅಂದರೆ 40 ರೂಪಾಯಿ. ನೀವು ಕೊಟ್ಟ 1,000ಕ್ಕೆ ಅದು ಶೇ 4.

ಪ್ರಶ್ನೆ: ಎಕ್ಸ್ ಡೇಟ್ ದಿನ ಬೆಳಿಗ್ಗೆ ಮಾರಿಬಿಟ್ಟರೆ ಡಿವಿಡೆಂಡ್ ತಪ್ಪಿಹೋಗುತ್ತದಾ?

ಉತ್ತರ: ಇಲ್ಲ, ಬರುತ್ತದೆ. ಹಿಂದಿನ ದಿನ ಮಾರಿದರೆ ಮಾತ್ರ ತಪ್ಪುತ್ತದೆ.

ಪ್ರಶ್ನೆ: ಮ್ಯೂಚುವಲ್ ಫಂಡ್‌ನಲ್ಲಿ ಡಿವಿಡೆಂಡ್ ಬರುವ ಮುಂಚೆ ಹಣ ಹಾಕಬಹುದಾ?

ಉತ್ತರ: ಅಲ್ಲೂ ಕೊಟ್ಟಷ್ಟು ಎನ್‌ಎವಿ ಇಳಿಯುತ್ತದೆ. ಜನ ಮೋಸ ಹೋಗಬಾರದೆಂದೇ 2021ರ ಏಪ್ರಿಲ್‌ನಲ್ಲಿ ಆ ಆಯ್ಕೆಯ ಹೆಸರನ್ನು ಐಡಿಸಿಡಬ್ಲ್ಯು, ಅಂದರೆ ಇನ್‌ಕಮ್ ಡಿಸ್ಟ್ರಿಬ್ಯೂಷನ್ ಕಮ್ ಕ್ಯಾಪಿಟಲ್ ವಿತ್‌ಡ್ರಾವಲ್ ಎಂದು ಬದಲಾಯಿಸಿದರು. ಅದರಲ್ಲಿ ನಿಮ್ಮ ಬಂಡವಾಳವೂ ವಾಪಸ್ ಬರುತ್ತಿರಬಹುದು ಎಂದು ಹೆಸರೇ ಹೇಳುತ್ತದೆ.

ಪ್ರಶ್ನೆ: ಟೆಲಿಗ್ರಾಂ ಗುಂಪಿನಲ್ಲಿ ತಿಂಗಳಿಗೆ ಹಣ ಕಟ್ಟಿದರೆ "ಡಿವಿಡೆಂಡ್ ಕ್ಯಾಪ್ಚರ್" ಪಟ್ಟಿ ಕೊಡುತ್ತಾರೆ. ಸೇರಲಾ?

ಉತ್ತರ: ಬೇಡ. ಆ ಪಟ್ಟಿ ಎನ್‌ಎಸ್‌ಇ, ಬಿಎಸ್‌ಇ ತಾಣಗಳಲ್ಲಿ ಪುಕ್ಕಟೆ ಇದೆ. ದುಡ್ಡು ಕೇಳುವವನ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ತಾಣದಲ್ಲಿ ಹುಡುಕಿ ನೋಡಿ. ಸಿಗದಿದ್ದರೆ ಅವತ್ತೇ ಗುಂಪಿನಿಂದ ಹೊರಗೆ ಬನ್ನಿ.